ನಡುವೆ ತಿರುವು ಲೇನ್ ಇರುವ ರಸ್ತೆಯಲ್ಲಿ, ಎದುರು ಬದಿಯ ಶಾಲಾ ಬಸ್ಸಿಗೆ ನಾವು ನಿಲ್ಲಬೇಕೇ? (ಟೆಕ್ಸಾಸ್)

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಈ ಬೇಸಿಗೆಯಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಿಂದ ಟೆಕ್ಸಾಸ್‌ನ ಪ್ಲೇನೋಗೆ ಬಂದು ನೆಲೆಸಿದ್ದೇವೆ. ಮನೆಯ ಹತ್ತಿರದ ಮುಖ್ಯ ರಸ್ತೆಯಲ್ಲಿ ಹೋಗುವವರಿಗೆ ಎರಡು ಲೇನ್, ಬರುವವರಿಗೆ ಎರಡು ಲೇನ್, ನಡುವೆ ಎಡಕ್ಕೆ ತಿರುಗುವವರಿಗಾಗಿ ಹಳದಿ ಗೆರೆಗಳ ಒಂದು ಲೇನ್ ಇದೆ. ಕಾಂಕ್ರೀಟಿನ ಕಟ್ಟೆಯಾಗಲಿ ಹುಲ್ಲಿನ ಪಟ್ಟಿಯಾಗಲಿ ಇಲ್ಲ. ವೇಗದ ಮಿತಿ ಗಂಟೆಗೆ 40 ಮೈಲಿ.

ಮೊನ್ನೆ ಬೆಳಿಗ್ಗೆ ಎದುರು ಬದಿಯಲ್ಲಿ ಶಾಲಾ ಬಸ್ಸೊಂದು ಕೆಂಪು ದೀಪ ಮಿನುಗಿಸುತ್ತ, ಸ್ಟಾಪ್ ಫಲಕವನ್ನು ಹೊರಚಾಚಿ ನಿಂತಿತ್ತು. ನಾನು ಕಾರು ನಿಲ್ಲಿಸಿದೆ. ಹಿಂದಿದ್ದವರು ಬಿಡದೆ ಹಾರನ್ ಮಾಡಿದರು, ಪಕ್ಕದ ಲೇನಿನಲ್ಲಿ ಇಬ್ಬರು ನಿಲ್ಲದೆ ಮುಂದೆ ಹೋದರು, ಮತ್ತೊಬ್ಬರು ನನ್ನಂತೆಯೇ ನಿಂತರು. ವಾಷಿಂಗ್ಟನ್ ರಾಜ್ಯದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಲೇನುಗಳ ರಸ್ತೆಯಾದರೆ ಎದುರಿನಿಂದ ಬರುವವರು ನಿಲ್ಲಬೇಕಾಗಿಲ್ಲ ಎಂದು ಅಲ್ಲಿನ ಲೈಸೆನ್ಸ್ ಪರೀಕ್ಷೆಗೆ ಓದಿದ್ದೆ. ಇಲ್ಲಿನ ನಿಯಮ ಏನು? ಹಾರನ್ ಮಾಡಿದವರು ಸರಿಯೋ, ನಿಂತವರು ಸರಿಯೋ? ತಿಳಿದವರು ದಯವಿಟ್ಟು ಸ್ಪಷ್ಟವಾಗಿ ಹೇಳಬೇಕು. ನನ್ನ ಪತ್ನಿಯೂ ಮುಂದಿನ ವಾರದಿಂದ ಅದೇ ರಸ್ತೆಯಲ್ಲಿ ಕಾರು ಓಡಿಸಲಿದ್ದಾರೆ.

ಬೇ_ಏರಿಯಾ_ಕನ್ನಡಿಗ

ನೀವು ನಿಲ್ಲುವ ಅಗತ್ಯವಿರಲಿಲ್ಲ. ಎರಡು ಲೇನಿನ ರಸ್ತೆಯಾದರೆ ಎರಡೂ ದಿಕ್ಕಿನವರು ನಿಲ್ಲಬೇಕು. ಪ್ರತಿ ದಿಕ್ಕಿಗೆ ಎರಡು ಅಥವಾ ಹೆಚ್ಚು ಲೇನುಗಳಿದ್ದರೆ ಬಸ್ಸಿನ ಹಿಂದೆ ಬರುತ್ತಿರುವವರು ಮಾತ್ರ ನಿಲ್ಲಬೇಕು. ನಾನು ಕ್ಯಾಲಿಫೋರ್ನಿಯಾದಲ್ಲಿ ಬಹಳ ವರ್ಷಗಳಿಂದ ಹೀಗೆಯೇ ಓಡಿಸುತ್ತಿದ್ದೇನೆ, ಕೈಪಿಡಿಯಲ್ಲಿಯೂ ಹೀಗೆಯೇ ಇದೆ. ಅಗತ್ಯವಿಲ್ಲದ ಕಡೆ ಏಕಾಏಕಿ ನಿಂತರೆ ಹಿಂದಿನವರು ಬಂದು ಗುದ್ದುವ ಅಪಾಯವಿದೆ. ಹಳದಿ ದೀಪ ಮಿನುಗುತ್ತಿರುವಾಗಲಂತೂ ಬೇಗ ದಾಟಿಕೊಂಡು ಹೋಗುವುದೇ ಎಲ್ಲರಿಗೂ ಒಳ್ಳೆಯದು.

ಬಸ್_ಚಾಲಕಿ

ನಾನು ಡಲ್ಲಾಸ್ ಆಸುಪಾಸಿನ ಒಂದು ಶಾಲಾ ಜಿಲ್ಲೆಯಲ್ಲಿ ಶಾಲಾ ಬಸ್ ಓಡಿಸುತ್ತೇನೆ. ತುಂಗಾತೀರ ಅವರೇ, ನೀವು ನಿಂತದ್ದೇ ಸರಿ. ಟೆಕ್ಸಾಸ್‌ನಲ್ಲಿ ಲೇನುಗಳನ್ನು ಎಣಿಸುವುದಿಲ್ಲ. ಎರಡು ದಿಕ್ಕಿನ ರಸ್ತೆಗಳ ನಡುವೆ ಏನಿದೆ ಎಂಬುದನ್ನು ನೋಡಬೇಕು. ವಾಹನ ಓಡಿಸಲು ಅವಕಾಶವಿಲ್ಲದ ಜಾಗವೋ, ತಡೆಗೋಡೆಯೋ, ವಾಹನಗಳನ್ನು ತಡೆಯುವುದಕ್ಕೆಂದೇ ಕಟ್ಟಿದ ಸ್ಪಷ್ಟವಾದ ವಿಭಜಕವೋ ಇದ್ದರೆ ಮಾತ್ರ ಎದುರು ಬದಿಯವರಿಗೆ ವಿನಾಯಿತಿ. ತಿರುವು ಲೇನ್ ಇವುಗಳಲ್ಲಿ ಯಾವುದೂ ಅಲ್ಲ, ಏಕೆಂದರೆ ಅದರ ಮೇಲೆ ಕಾರು ಓಡುತ್ತದೆ. ಆದ್ದರಿಂದ ನೀವು ವರ್ಣಿಸಿದ ಐದು ಲೇನಿನ ರಸ್ತೆಯಲ್ಲಿ ಐದೂ ಲೇನಿನವರು ನಿಲ್ಲಬೇಕು. ನಿಲ್ಲದವರಿಗೆ ಮೊದಲ ಸಲವೇ 500 ಡಾಲರಿನಿಂದ 1,250 ಡಾಲರಿನವರೆಗೆ ದಂಡವಿದೆ, ಮತ್ತು ಬೇರೆ ಸಾಮಾನ್ಯ ಟಿಕೆಟ್‌ಗಳಂತೆ ಡ್ರೈವಿಂಗ್ ಕೋರ್ಸ್ ಮುಗಿಸಿ ಇದನ್ನು ವಜಾ ಮಾಡಿಸಿಕೊಳ್ಳಲು ಆಗುವುದಿಲ್ಲ.

ಬೇ ಏರಿಯಾದವರು ಹೇಳಿದ್ದು ಅವರ ರಾಜ್ಯದ ಮಟ್ಟಿಗೆ ಸರಿ. ಆದರೆ ಅದನ್ನು ಇಲ್ಲಿಗೆ ತಂದರೆ ಮಗುವಿನ ಪ್ರಾಣಕ್ಕೆ ಕುತ್ತು. ಹಳದಿ ದೀಪದ ವಿಷಯದಲ್ಲಿ ಅವರ ಮಾತನ್ನು ನಾನು ಎಲ್ಲಿಯೂ ಒಪ್ಪಲಾರೆ. ನಾನು ನಿಲುಗಡೆಗೆ ಸಾಕಷ್ಟು ಮೊದಲೇ ಹಳದಿ ದೀಪ ಹಾಕುತ್ತೇನೆ, ಕನ್ನಡಿಗಳನ್ನು ನೋಡುತ್ತ ವೇಗ ತಗ್ಗಿಸುತ್ತೇನೆ, ಬಸ್ ಪೂರ್ತಿ ನಿಂತು ಬಾಗಿಲು ತೆರೆಯುವಾಗ ಕೆಂಪು ದೀಪ ಬಂದು ಫಲಕ ಹೊರಚಾಚುತ್ತದೆ. ಹಳದಿ ದೀಪ ಕಂಡ ಕೂಡಲೇ ವೇಗ ಹೆಚ್ಚಿಸಿದವರು ಸರಿಯಾಗಿ ಕೆಂಪು ಬರುವ ಹೊತ್ತಿಗೆ ಬಸ್ಸಿನ ಪಕ್ಕದಲ್ಲಿರುತ್ತಾರೆ, ಅದೂ ತಮ್ಮ ಅತಿ ಹೆಚ್ಚಿನ ವೇಗದಲ್ಲಿ. ಅಷ್ಟರಲ್ಲಿ ಆಚೆ ಬದಿಯಲ್ಲಿ ಕಾದು ನಿಂತ ಮಗು ಬಸ್ ಬಂದ ಸಂಭ್ರಮದಲ್ಲಿ ಒಂದು ಹೆಜ್ಜೆ ರಸ್ತೆಗೆ ಇಟ್ಟಿರುತ್ತದೆ. ಹಳದಿ ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

ಬೇ_ಏರಿಯಾ_ಕನ್ನಡಿಗ

ಮೇಡಂ, ಟೆಕ್ಸಾಸ್ ನಿಯಮ ಬೇರೆ ಎಂದಾದರೆ ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಐದು ಲೇನು ದಾಟಿ ಯಾವ ಪುಟ್ಟ ಮಗುವನ್ನು ತಾನೇ ಶಾಲೆಯವರು ಕಳುಹಿಸುತ್ತಾರೆ? ಅಂಥ ರಸ್ತೆಯಲ್ಲಿ ಮಗುವಿನ ಮನೆ ಇರುವ ಬದಿಯಲ್ಲಿಯೇ ಬಸ್ ನಿಲ್ಲಿಸುತ್ತಾರಲ್ಲವೇ? ಹಾಗಿದ್ದ ಮೇಲೆ ಎದುರಿನವರನ್ನು ನಿಲ್ಲಿಸುವುದರಿಂದ ಏನು ಪ್ರಯೋಜನ?

ಬಸ್_ಚಾಲಕಿ

ಮಾರ್ಗ ಹಾಕುವವರು ಹಾಗೆ ಮಾಡಲು ಪ್ರಯತ್ನಿಸುತ್ತಾರೆ ಎಂಬುದು ನಿಜ. ಆದರೆ ಎದುರಿನಿಂದ ಬರುವ ನಿಮಗೆ ಈ ನಿಲುಗಡೆಯಲ್ಲಿ ಇಳಿಯುವ ಮಗು ದಾಟುತ್ತದೋ ಇಲ್ಲವೋ ಎಂದು ಗೊತ್ತಾಗುವ ಬಗೆ ಯಾವುದು? ದಾಟಬಾರದ ಮಗುವೂ ಕೆಲವೊಮ್ಮೆ ದಾಟುತ್ತದೆ. ಸ್ನೇಹಿತನ ಮನೆ ಆಚೆ ಇರಬಹುದು, ಅಥವಾ ಅವಳನ್ನು ಕರೆದೊಯ್ಯಲು ಬಂದವರು ಆಚೆ ಬದಿಯಲ್ಲಿ ನಿಂತಿರಬಹುದು. ನನಗೆ ಅತಿ ಹೆಚ್ಚು ಭಯವಾಗುವುದು ಈ ಕೊನೆಯದಕ್ಕೆ.

ಇನ್ನೊಂದು ಸಂಗತಿಯನ್ನು ಬಹಳ ಚಾಲಕರು ಗಮನಿಸಿರುವುದಿಲ್ಲ. ದಾಟುವ ಮಕ್ಕಳಿಗೆ ನಾವು ಕಲಿಸುವುದು ಬಸ್ಸಿನ ಮುಂದಿನಿಂದ, ಬಂಪರಿನಿಂದ ಹತ್ತು ಅಡಿಗಿಂತ ಹೆಚ್ಚು ದೂರ ನಡೆದು, ನನ್ನ ಮುಖ ಕಾಣುವ ಕಡೆ ನಿಂತು, ನಾನು ಸನ್ನೆ ಮಾಡಿದ ಮೇಲೆ ದಾಟಬೇಕೆಂದು. ಬಸ್ಸಿನ ಮುಂಭಾಗದಿಂದ ಉದ್ದನೆಯ ಕಂಬಿಯೊಂದು ತೆರೆದುಕೊಳ್ಳುವುದನ್ನು ನೀವು ನೋಡಿರಬಹುದು. ಮಗು ಬಂಪರಿಗೆ ಅಂಟಿಕೊಂಡು ನಡೆದು ನನ್ನ ಕಣ್ಣಿಗೆ ಮರೆಯಾಗದಿರಲೆಂದು ಅದು ಇರುವುದು. ಹೀಗಾಗಿ ಮಗು ದಾಟುವ ಗೆರೆ ಬಸ್ಸಿನ ಮೂತಿಗಿಂತ ಮುಂದೆ, ಅಂದರೆ ಎದುರಿನಿಂದ ಬರುವವರಿಗೆ ಬಸ್ಸಿಗಿಂತ ಮೊದಲೇ ಸಿಗುತ್ತದೆ. ಬಸ್ಸಿನ ಮೂತಿಯ ನೇರಕ್ಕೆ ಬಂದು ಬ್ರೇಕ್ ಹಾಕಿದವರು ಮಗುವಿನ ದಾರಿಯ ಮೇಲೆಯೇ ನಿಂತಿರುತ್ತಾರೆ. ಬಸ್ಸನ್ನು ತಲುಪುವ ಮೊದಲು ನಿಲ್ಲಿ ಎಂದಷ್ಟೇ ನಮ್ಮ ರಾಜ್ಯದ ಕಾನೂನು ಹೇಳುತ್ತದೆ, ಇಷ್ಟೇ ಅಡಿ ಎಂದು ಹೇಳುವುದಿಲ್ಲ. ಎದುರಿನವರು ಕನಿಷ್ಠ ಮೂರು ಕಾರುಗಳ ಉದ್ದದಷ್ಟು ಹಿಂದೆಯೇ ನಿಲ್ಲಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಕೋಲಾರ_ಮೂಲ

ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಬಡಾವಣೆಯಲ್ಲಿ ಶಾಲಾ ವಾಹನ ನಿಂತರೆ ಒಬ್ಬರೂ ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಸಂದಿಯಲ್ಲಿ, ಅಂದರೆ ಮಕ್ಕಳು ಇಳಿಯುವ ಎಡಗಡೆಯಲ್ಲಿಯೇ, ದ್ವಿಚಕ್ರ ವಾಹನದವರು ನುಗ್ಗುತ್ತಾರೆ. ನನ್ನ ಮಗಳು ಕೊನೆಯ ಮೆಟ್ಟಿಲಿನಿಂದ ಕಾಲಿಡುವಷ್ಟರಲ್ಲಿ ಸ್ಕೂಟರ್ ಒಂದು ಅವಳ ಬ್ಯಾಗಿಗೆ ತಾಗಿಕೊಂಡು ಹೋಯಿತು. ನಾವು ಪೋಷಕರೆಲ್ಲ ಸೇರಿ ಅಮೆರಿಕದಲ್ಲಿರುವಂತಹ ಸ್ಟಾಪ್ ಫಲಕವನ್ನು ನಮ್ಮ ಬಸ್ಸಿಗೂ ಹಾಕಿಸಿದರೆ ಆಗುತ್ತದೆಯೇ?

ಬಸ್_ಚಾಲಕಿ

ಸರ್, ಮಗಳಿಗೆ ಏನೂ ಆಗಲಿಲ್ಲವೆಂದು ಓದಿ ಸಮಾಧಾನವಾಯಿತು. ಇಲ್ಲಿಯೂ ನಮ್ಮನ್ನು ಅತಿಯಾಗಿ ಹೆದರಿಸುವುದು ಬಾಗಿಲಿನ ಬದಿಯಿಂದ, ರಸ್ತೆಯಂಚಿನ ಜಾಗದಲ್ಲಿ ನುಗ್ಗುವವರೇ. ನಮ್ಮಲ್ಲಿ ಅದು ಬಲಗಡೆ. ಫಲಕ ಹಾಕಿಸುವ ಬಗ್ಗೆ ನನಗೆ ಅಂಜಿಕೆಯಿದೆ. ಚಾಲಕರೆಲ್ಲ ನಿಲ್ಲುವ ರೂಢಿ ಇಲ್ಲದ ರಸ್ತೆಯಲ್ಲಿ ಫಲಕವನ್ನು ನಂಬುವುದು ಮಗು ಮಾತ್ರ. ಫಲಕ ಹೊರಬಂದಿದೆ, ಇನ್ನು ದಾಟಬಹುದು ಎಂದು ಅದು ಓಡಿಬಿಟ್ಟರೆ ಗತಿ ಏನು?

ನಿಮ್ಮ ಕೈಯಲ್ಲಿರುವುದನ್ನು ಮೊದಲು ಮಾಡಿಸಿ. ಬಸ್ಸನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಲು ಹೇಳಿ, ಸ್ಕೂಟರ್ ನುಗ್ಗುವಷ್ಟು ಸಂದಿ ಇರಬಾರದು. ಬಾಗಿಲು ತೆರೆದಾಗ ಮೊದಲು ಆಯಾ ಇಳಿದು, ಹಿಂದಿನಿಂದ ಬರುವವರಿಗೆ ಅಡ್ಡವಾಗಿ ನಿಂತು, ಆಮೇಲೆ ಮಕ್ಕಳನ್ನು ಇಳಿಸಬೇಕು. ರಸ್ತೆ ದಾಟಬೇಕಾದ ಮಕ್ಕಳನ್ನು ಬಸ್ ವಾಪಸು ಬರುವಾಗ ಅವರ ಮನೆಯ ಬದಿಯಲ್ಲಿಯೇ ಇಳಿಸುವಂತೆ ಮಾರ್ಗ ಬದಲಿಸಲು ಒತ್ತಾಯಿಸಿ. ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ.

ಕೋಲಾರ_ಮೂಲ

ಆಯಾ ಅವರು ಈಗ ಕೊನೆಯಲ್ಲಿ ಇಳಿಯುತ್ತಾರೆ, ಕೆಲವು ದಿನ ಇಳಿಯುವುದೇ ಇಲ್ಲ. ಈ ಒಂದು ಮಾತನ್ನು ಮುಂದಿನ ಪೋಷಕರ ಸಭೆಯಲ್ಲಿ ಎತ್ತುತ್ತೇನೆ. ಧನ್ಯವಾದಗಳು ಮೇಡಂ.

ಲೆಕ್ಕಾಚಾರ

ತುಂಗಾತೀರ ಅವರ ರಸ್ತೆಯನ್ನೇ ತೆಗೆದುಕೊಂಡು ಒಂದು ಲೆಕ್ಕ ಹಾಕಿ ನೋಡೋಣ. ಹಿಂದಿನವರು ಗುದ್ದುತ್ತಾರೆ ಎಂಬ ಭಯಕ್ಕೆ ಉತ್ತರ ಅದರಲ್ಲಿಯೇ ಸಿಗುತ್ತದೆ ಎಂದು ನನಗೆ ಅನಿಸುತ್ತದೆ.

ಗಂಟೆಗೆ 40 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 59 ಅಡಿ. ಕೆಂಪು ದೀಪ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಅಷ್ಟರಲ್ಲಿಯೇ ಕಾರು 88 ಅಡಿ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದರೆ ಇನ್ನೂ ಸುಮಾರು 80 ಅಡಿ ಬೇಕು. ಒಟ್ಟು 170 ಅಡಿ ಎಂದು ಇಟ್ಟುಕೊಳ್ಳಿ. ಮಳೆಯಲ್ಲಿ ಬ್ರೇಕಿನ ಭಾಗ ದುಪ್ಪಟ್ಟಾದರೆ 250 ಅಡಿ. ಇದು ಕೆಂಪು ಬಂದ ಮೇಲೆ ಎಚ್ಚೆತ್ತುಕೊಂಡವರ ಲೆಕ್ಕ.

ಹಳದಿ ಕಂಡಾಗಲೇ ಕಾಲು ತೆಗೆದು ವೇಗವನ್ನು 25 ಮೈಲಿಗೆ ಇಳಿಸಿಕೊಂಡವರಿಗೆ ಒಣ ರಸ್ತೆಯಲ್ಲಿ ಇದೆಲ್ಲ ಸೇರಿ 90 ಅಡಿಯ ಒಳಗೆ ಮುಗಿಯುತ್ತದೆ, ಬ್ರೇಕನ್ನು ಒದೆಯುವ ಸಂದರ್ಭವೇ ಬರುವುದಿಲ್ಲ, ಹಿಂದಿನವರಿಗೂ ಬ್ರೇಕ್ ದೀಪ ಬಹಳ ಮೊದಲೇ ಕಾಣುತ್ತದೆ. ಹಿಂದಿನಿಂದ ಗುದ್ದಿಸಿಕೊಳ್ಳುವ ಅಪಾಯ ಇರುವುದು ನಿಲ್ಲುವುದರಲ್ಲಿ ಅಲ್ಲ, ಕೊನೆಯ ಕ್ಷಣದಲ್ಲಿ ನಿಲ್ಲುವುದರಲ್ಲಿ. ಬೇ ಏರಿಯಾದವರು ಇದನ್ನು ದಯವಿಟ್ಟು ಬೇರೆಯಾಗಿ ಭಾವಿಸಬಾರದು.

ಸಿರಿಗಂಧ

ನಾನು ಇಂಡಿಯಾನಾದಲ್ಲಿದ್ದೇನೆ. ಇಲ್ಲಿನ ರಾಚೆಸ್ಟರ್ ಊರಿನ ಬಳಿ 2018ರ ಅಕ್ಟೋಬರ್ 30ರಂದು ನಡೆದದ್ದನ್ನು ಈ ಚರ್ಚೆಯಲ್ಲಿ ಹೇಳದೆ ಇರಲಾರೆ. ಇನ್ನೂ ಕತ್ತಲಿದ್ದ ಬೆಳಗಿನ ಹೊತ್ತು. ರಾಜ್ಯ ಹೆದ್ದಾರಿ 25ರಲ್ಲಿ ಬಸ್ ಕೆಂಪು ದೀಪ ಹಾಕಿ, ಫಲಕ ಚಾಚಿ ನಿಂತಿತ್ತು. ಎದುರು ಬದಿಯಿಂದ ಬಸ್ಸಿನತ್ತ ದಾಟುತ್ತಿದ್ದ ಮಕ್ಕಳ ಮೇಲೆ ಪಿಕಪ್ ಟ್ರಕ್ ಹರಿದು, ಒಂಬತ್ತು ವರ್ಷದ ಅಕ್ಕ ಮತ್ತು ಆರು ವರ್ಷದ ಅವಳಿ ತಮ್ಮಂದಿರು ಸ್ಥಳದಲ್ಲಿಯೇ ತೀರಿಕೊಂಡರು. ಮತ್ತೊಬ್ಬ ಹುಡುಗನಿಗೆ ತೀವ್ರ ಗಾಯಗಳಾದವು. ಆ ಚಾಲಕಿ ಕುಡಿದಿರಲಿಲ್ಲ. ಮುಂದೆ ದೀಪಗಳು ಕಂಡವು, ಆದರೆ ಅದು ಶಾಲಾ ಬಸ್ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು ಎಂದು ಆಕೆ ಹೇಳಿದರು.

ಇದಾದ ಮೇಲೆ 2019ರಲ್ಲಿ ಇಂಡಿಯಾನಾ ಕಾನೂನು ಬದಲಾಯಿತು. ದಂಡ ಹೆಚ್ಚಿದ್ದು ಒಂದು ಭಾಗ. ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಬೇರೆ ಸುರಕ್ಷಿತ ದಾರಿ ಇದ್ದರೆ, ರಾಜ್ಯ ಹೆದ್ದಾರಿಗಳಲ್ಲಿ ಮಕ್ಕಳು ರಸ್ತೆ ದಾಟಬೇಕಾಗುವಂತೆ ಬಸ್ ನಿಲ್ಲಿಸಬಾರದು. ಕತ್ತಲಲ್ಲಿ ಮುಂದೆ ಏನೋ ದೀಪಗಳು ಮಿನುಗುತ್ತಿವೆ, ಏನೆಂದು ತಿಳಿಯುತ್ತಿಲ್ಲ ಎಂದಾದಾಗ, ಏನೆಂದು ತಿಳಿಯುವವರೆಗೂ ಅದೇ ವೇಗದಲ್ಲಿ ಮುಂದುವರಿಯುವುದು ನಮ್ಮೆಲ್ಲರ ಸಹಜ ಅಭ್ಯಾಸ. ನಾನು ಆ ಸುದ್ದಿಯ ನಂತರ ಅದನ್ನು ಬಿಟ್ಟಿದ್ದೇನೆ. ತಿಳಿಯದಿದ್ದರೆ ಮೊದಲು ವೇಗ ಇಳಿಸುತ್ತೇನೆ.

ಬೇ_ಏರಿಯಾ_ಕನ್ನಡಿಗ

ಲೆಕ್ಕವನ್ನೂ ರಾಚೆಸ್ಟರಿನ ವಿಷಯವನ್ನೂ ಓದಿದೆ. ಹಳದಿಯ ಬಗ್ಗೆ ನಾನು ಹೇಳಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ರಾಜ್ಯಕ್ಕೊಂದು ನಿಯಮವಿರುವುದು ಸರಿಯಲ್ಲ ಎಂಬ ನನ್ನ ತಕರಾರು ಹಾಗೆಯೇ ಇದೆ. ಗಡಿ ದಾಟಿದ ಕೂಡಲೇ ಚಾಲಕ ಹೊಸ ಕೈಪಿಡಿ ಓದಬೇಕೆಂದರೆ ಯಾರು ಓದುತ್ತಾರೆ?

ಸಿರಿಗಂಧ

ನ್ಯೂಯಾರ್ಕಿಗೆ ಹೋದರಂತೂ ನಡುವೆ ವಿಭಜಕ ಇದ್ದರೂ ಎರಡೂ ಬದಿಯವರು ನಿಲ್ಲಬೇಕು, ಅದೂ ಕನಿಷ್ಠ 20 ಅಡಿ ದೂರದಲ್ಲಿ. ಪಕ್ಕದ ನ್ಯೂಜೆರ್ಸಿಯಲ್ಲಿ ದೂರ 25 ಅಡಿ, ವಿಭಜಕವಿದ್ದರೆ ಎದುರಿನವರು ನಿಲ್ಲುವ ಬದಲು 10 ಮೈಲಿ ವೇಗಕ್ಕೆ ಇಳಿದು ಹೋಗಬಹುದು. ನಾವು ಬೇರೆ ರಾಜ್ಯಕ್ಕೆ ಪ್ರವಾಸ ಹೋದಾಗ ನಮ್ಮ ಮನೆಯಲ್ಲಿ ಪಾಲಿಸುವುದು ಒಂದೇ ನಿಯಮ. ಅನುಮಾನ ಬಂದರೆ ನಿಲ್ಲುವುದು.

ಮಲೆನಾಡ_ಅಜ್ಜಿ

ನಾನು ಶಿವಮೊಗ್ಗದವಳು. ಮಗನ ಮನೆಗೆಂದು ಆರು ತಿಂಗಳಿಗೆ ಟೆಕ್ಸಾಸ್‌ಗೆ ಬಂದಿದ್ದೇನೆ. ಕಾರು ಓಡಿಸುವವಳಲ್ಲ, ಆದರೂ ಒಂದು ವಿಷಯ ಕೇಳಬೇಕಾಗಿದೆ. ಮಧ್ಯಾಹ್ನ ಮೊಮ್ಮಗಳನ್ನು ಕರೆತರಲು ನಾನೇ ಹೋಗುವುದು. ನಮ್ಮ ಮನೆ ಇರುವ ಬದಿಯಲ್ಲಿ ಮರದ ನೆರಳಿದೆ ಎಂದು ಅಲ್ಲಿಯೇ ನಿಂತಿರುತ್ತೇನೆ. ಬಸ್ ಆಚೆ ಬದಿಯಲ್ಲಿ ನಿಲ್ಲುತ್ತದೆ. ಅವಳು ಇಳಿದ ತಕ್ಷಣ ನಾನು ಕೈಬೀಸುತ್ತೇನೆ, ಅವಳು ಓಡಿ ಬರುತ್ತಾಳೆ. ನಿನ್ನೆ ಬಸ್ಸಿನ ಚಾಲಕರು ಜೋರಾಗಿ ಹಾರನ್ ಮಾಡಿ ಅವಳನ್ನು ಅಲ್ಲಿಯೇ ನಿಲ್ಲಿಸಿದರು. ಕೆಂಪು ದೀಪ ಇತ್ತು, ಕಾರುಗಳೂ ನಿಂತಿದ್ದವು. ಅವರಿಗೆ ಸಿಟ್ಟು ಬಂದದ್ದು ಏಕೆ?

ಬಸ್_ಚಾಲಕಿ

ಅಮ್ಮಾ, ಅವರಿಗೆ ಸಿಟ್ಟು ಬಂದಿರಲಿಕ್ಕಿಲ್ಲ. ಹಾರನ್ ನಮಗಿರುವ ಕೊನೆಯ ಉಪಾಯ. ಹಾರನ್ ಕೇಳಿದರೆ ಇದ್ದಲ್ಲಿಯೇ ನಿಲ್ಲು, ಅಪಾಯವಿದೆ ಎಂದು ಮಕ್ಕಳಿಗೆ ಮೊದಲೇ ಕಲಿಸಿರುತ್ತೇವೆ. ಬಹುಶಃ ಎತ್ತರದ ಸೀಟಿನಿಂದ ಅವರಿಗೆ ನಿಲ್ಲದೆ ಬರುತ್ತಿದ್ದ ಒಂದು ಕಾರು ಕಂಡಿರಬೇಕು. ನಿಂತ ಎರಡು ಕಾರುಗಳ ಪಕ್ಕದ ಲೇನಿನಲ್ಲಿ ಮೂರನೆಯದು ಬಂದರೆ ಅದು ನಿಮಗೂ ಕಾಣುವುದಿಲ್ಲ, ಮಗುವಿಗೂ ಕಾಣುವುದಿಲ್ಲ.

ನೀವು ನೆರಳು ಬಿಟ್ಟು ಬಸ್ಸಿನ ಬಾಗಿಲು ತೆರೆಯುವ ಬದಿಗೇ ಮೊದಲೇ ಹೋಗಿ ನಿಲ್ಲಬೇಕು ಅಮ್ಮಾ. ಎಂಟು ಗಂಟೆ ನಿಮ್ಮನ್ನು ನೋಡದೆ ಇದ್ದ ಮಗು ನಿಮ್ಮ ಮುಖ ಕಂಡ ಮೇಲೆ ರಸ್ತೆಯನ್ನಾಗಲಿ ನನ್ನನ್ನಾಗಲಿ ನೋಡುವುದಿಲ್ಲ, ಬಿಟ್ಟ ಬಾಣದ ಹಾಗೆ ಬರುತ್ತದೆ. ನೀವು ಈ ಬದಿಯಲ್ಲಿದ್ದರೆ ಓಡಬೇಕಾದ ಅಗತ್ಯವೇ ಅವಳಿಗೆ ಬರುವುದಿಲ್ಲ. ನಂತರ ಕೈ ಹಿಡಿದು, ಬಸ್ಸಿನ ಮುಂದಿನಿಂದ ದೂರ ಸರಿದು, ಚಾಲಕರ ಸನ್ನೆಗೆ ಕಾದು ಇಬ್ಬರೂ ದಾಟಿ. ಅವಳ ಕೈಯಿಂದ ಕಾಗದವೋ ಟೋಪಿಯೋ ಬಿದ್ದರೆ ಹೆಕ್ಕಲು ಹಿಂದಿರುಗಬೇಡಿ. ಮೂತಿಯ ಕೆಳಗೆ ಬಗ್ಗಿದ ಮಗು ನನಗೆ ಕಾಣುವುದಿಲ್ಲ.

ಮಲೆನಾಡ_ಅಜ್ಜಿ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ ತಾಯಿ. ನಾಳೆಯಿಂದ ಆ ಬದಿಗೇ ಹೋಗಿ ನಿಲ್ಲುತ್ತೇನೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಆದರೆ ಎರಡು ಅನುಮಾನಗಳು ಉಳಿದಿವೆ. ಒಂದು, ನಿಂತ ಮೇಲೆ ಯಾವಾಗ ಹೊರಡಬಹುದು? ಮೊನ್ನೆ ಮಕ್ಕಳೆಲ್ಲ ಹತ್ತಿಯಾದ ಮೇಲೂ ದೀಪ ಮಿನುಗುತ್ತಿತ್ತು, ಚಾಲಕರು ಒಳಗಿನಿಂದ ಕೈಬೀಸಿದಂತೆ ಕಂಡಿತು, ಅಷ್ಟಕ್ಕೇ ಕೆಲವರು ಹೊರಟುಬಿಟ್ಟರು. ಎರಡು, ಅಪಾರ್ಟ್‌ಮೆಂಟ್ ಆವರಣದ ಒಳರಸ್ತೆಯಲ್ಲಿ ಬಸ್ ನಿಂತಾಗಲೂ ಇದೇ ನಿಯಮವೇ?

ಬಸ್_ಚಾಲಕಿ

ಬಸ್ ಹೊರಟಾಗ, ಅಥವಾ ದೀಪ ಆರಿದಾಗ, ಅಥವಾ ಬಸ್ ಚಾಲಕರು ನಿಮಗೆ ಹೋಗಿ ಎಂದು ಸನ್ನೆ ಮಾಡಿದಾಗ ಹೊರಡಬಹುದು. ಮೂರರಲ್ಲಿ ಒಂದು ಆದರೆ ಸಾಕು. ಆದರೆ ಆ ಸನ್ನೆಯೇ ತೊಂದರೆಯ ಮೂಲ. ನಾವು ಕೈಯಾಡಿಸುವುದು ಹೆಚ್ಚಾಗಿ ಮಗುವಿಗೆ, ನಿಮಗಲ್ಲ. ನಾನು ಮಗುವಿಗೆ ದಾಟು ಎಂದು ತೋರಿಸಿದ್ದನ್ನು ಎದುರಿನ ಕಾರಿನವರು ತಮಗೆ ಹೋಗು ಎಂದದ್ದು ಎಂದು ತಿಳಿದುಕೊಂಡು ಮುಂದೆ ಜರುಗಿದ್ದನ್ನು ನಾನೇ ನೋಡಿದ್ದೇನೆ. ನಾನಂತೂ ಕಾರಿನವರಿಗೆ ಕೈಸನ್ನೆ ಮಾಡುವುದನ್ನೇ ನಿಲ್ಲಿಸಿದ್ದೇನೆ. ದೀಪ ಆರುವವರೆಗೆ ಕಾಯಿರಿ. ಮಕ್ಕಳೆಲ್ಲ ಹತ್ತಿದ ಮೇಲೂ ನಾನು ತಡ ಮಾಡಿದರೆ, ಚಿಕ್ಕವರು ಸೀಟಿನಲ್ಲಿ ಕೂರಲಿ ಎಂದು ಕಾಯುತ್ತಿರುತ್ತೇನೆ, ಇಲ್ಲವೇ ದೂರದಿಂದ ಓಡಿ ಬರುತ್ತಿರುವ ಮಗು ನನಗೆ ಕಂಡಿರುತ್ತದೆ.

ಅಪಾರ್ಟ್‌ಮೆಂಟ್ ಆವರಣದಲ್ಲಿಯೂ ನಿಲ್ಲಲೇಬೇಕು ಎಂಬುದು ನನ್ನ ಅಭಿಪ್ರಾಯ.

ಲೆಕ್ಕಾಚಾರ

ಆವರಣದ ವಿಷಯ ಅಷ್ಟು ಸರಳವಲ್ಲ. ಕಾನೂನಿನ ಆ ಕಲಮು ಹೆದ್ದಾರಿಯಲ್ಲಿ ನಿಂತ ಬಸ್ಸಿನ ಬಗ್ಗೆ ಮಾತನಾಡುತ್ತದೆ, ಅಂದರೆ ಸರ್ಕಾರ ನಿರ್ವಹಿಸುವ ಸಾರ್ವಜನಿಕ ರಸ್ತೆ. ಖಾಸಗಿ ಆವರಣದಲ್ಲಿ ಟಿಕೆಟ್ ಕೊಟ್ಟರೆ ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬುದು ನನಗೆ ಅನುಮಾನ.

ಬಸ್_ಚಾಲಕಿ

ನ್ಯಾಯಾಲಯದ ಮಾತು ನೀವು ಹೇಳಿದಂತೆಯೇ ಇರಬಹುದು. ಆವರಣಗಳ ಒಳಗೆ ನಿಲ್ಲಿಸಿದ ಕಾರುಗಳ ಸಾಲಿನ ಸಂದಿಗಳಿಂದಲೇ ಮಕ್ಕಳು ಹೊರಬರುತ್ತಾರೆ, ಆದ್ದರಿಂದ ಅಲ್ಲಿ ನನಗೆ ಮುಖ್ಯ ರಸ್ತೆಗಿಂತ ಹೆಚ್ಚು ಆತಂಕ.

ತುಂಗಾತೀರ

ನಮ್ಮ ಆವರಣದಲ್ಲಿ ಗೇಟಿನ ಒಳಗೆ ಬಸ್ ನಿಲ್ಲುವ ಜಾಗದ ಎರಡೂ ಬದಿಗೆ ಕಾರುಗಳು ನಿಂತಿರುತ್ತವೆ. ಬೆಳಿಗ್ಗೆ ಆ ಹೊತ್ತಿನಲ್ಲಿ ಅಲ್ಲಿ ಎರಡೆರಡು ಕಾರುಗಳಷ್ಟು ಜಾಗ ಖಾಲಿ ಬಿಡುವಂತೆ ನಿರ್ವಹಣಾ ಕಚೇರಿಗೆ ಈ ವಾರ ಪತ್ರ ಬರೆಯುತ್ತೇನೆ. ಅವರು ಏನೆಂದರು ಎಂಬುದನ್ನು ಇಲ್ಲಿಯೇ ತಿಳಿಸುತ್ತೇನೆ.